ಮಾರ್ಚಿನ ಮಳೆ, ಡಿಸೆಂಬರಿನ ಆಳು

ಡಿಸೆಂಬರ್ ತಿಂಗಳ ಬೆಳಗ್ಗೆ, ಇಬ್ಬನಿ ಇನ್ನೂ ಆರಿರದ ಹೊತ್ತಿನಲ್ಲಿ, ಮಲೆನಾಡಿನ ಯಾವ ಕಾಫಿ ತೋಟದ ಅಂಗಳಕ್ಕೆ ಹೋದರೂ ಮೊದಲು ಕಿವಿಗೆ ಬೀಳುವ ಮಾತು ಒಂದೇ: "ಇವತ್ತು ಎಷ್ಟು ಆಳು?" ರೈಟರ್ ಚೆಕ್‌ರೋಲ್ ಪುಸ್ತಕ ಬಿಡಿಸಿಕೊಂಡು ತಲೆ ಎಣಿಸುತ್ತಾರೆ. ಇಪ್ಪತ್ನಾಲ್ಕು ಜನ ಬೇಕಿದ್ದ ಕಡೆ ಹದಿನೇಳು ಜನ ನಿಂತಿರುತ್ತಾರೆ. ಹಿಂದಿನ ಇಳಿಜಾರಿನಲ್ಲಿ ಹಣ್ಣು ಕೆಂಪಗಾಗಿ, ಕೆಲವು ಗಿಡಗಳಲ್ಲಿ ಕಪ್ಪಿಗೆ ತಿರುಗಲು ಶುರುವಾಗಿರುತ್ತದೆ. ಆಗ ಪಕ್ಕದ ತೋಟಕ್ಕೆ ಫೋನು ಹೋಗುತ್ತದೆ, ಮೇಸ್ತ್ರಿಗೆ ಫೋನು ಹೋಗುತ್ತದೆ, ಜೀಪು ಹೋಗುತ್ತದೆ. ಅಷ್ಟು ಹೊತ್ತಿಗೆ ಎಲ್ಲರ ತೋಟದಲ್ಲೂ ಹಣ್ಣಾಗಿರುವುದರಿಂದ ಯಾರ ಬಳಿಯೂ ಆಳಿರುವುದಿಲ್ಲ.

ಕನ್ನಡದ ಕೃಷಿಕರು ದಿನವೂ ಆಡುವ ಈ "ಆಳು" ಎಂಬ ಮಾತಿಗೆ ಎರಡು ಅರ್ಥವಿದೆ. ಆಳು ಎಂದರೆ ಕೆಲಸದ ಮನುಷ್ಯ. ಆಳು ಎಂದರೆ ಒಬ್ಬ ಮನುಷ್ಯನ ಒಂದು ದಿನದ ಕೆಲಸವೂ ಹೌದು. "ಈ ಪಟ್ಟಿ ಮುಗಿಸೋಕೆ ನಲವತ್ತು ಆಳು ಹಿಡೀತು" ಎಂದರೆ ನಲವತ್ತು ಜನ ಬಂದರು ಎಂದೇ ಅಲ್ಲ, ಹತ್ತು ಜನ ನಾಲ್ಕು ದಿನ ದುಡಿದಿರಬಹುದು. ದೊಡ್ಡ ಕಂಪನಿಗಳು ಹಂಗಾಮಿ ನೌಕರರ ಗಂಟೆಗಳನ್ನು ಲೆಕ್ಕ ಹಾಕುವುದು ಇದೇ ಅಳತೆಯಲ್ಲಿ. ಒಂದು ಆಳು ಎಂದರೆ ಎಂಟು ಗಂಟೆ. ತೋಟದವರಿಗೆ ಕೊರತೆಯಿರುವುದು ಅಳತೆಗೋಲಿನದ್ದಲ್ಲ, ಅದನ್ನು ಮುಂಚಿತವಾಗಿ ಬಳಸುವ ಅಭ್ಯಾಸದ್ದು.

ಕಾಫಿಗೆ ಒಂದು ಅನುಕೂಲವಿದೆ. ಯಾವ ವಾರ ಕೆಲಸ ಮೈಮೇಲೆ ಬೀಳುತ್ತದೆ ಎಂಬುದನ್ನು ಅದು ಸುಮಾರು ಎಂಟು ತಿಂಗಳು ಮೊದಲೇ ಹೇಳಿಬಿಡುತ್ತದೆ.

ಅದು ಹೇಳುವುದು ಹೂಮಳೆಯ ಮೂಲಕ. ಬೇಸಿಗೆಯಲ್ಲಿ ಕಾಫಿ ಗಿಡದ ಗೆಣ್ಣುಗಳಲ್ಲಿ ಮೊಗ್ಗು ಬಲಿತು, ನೀರಿಗಾಗಿ ಕಾದು ನಿಂತಿರುತ್ತದೆ. ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಒಂದು ಇಂಚು, ಒಂದೂವರೆ ಇಂಚು ಮಳೆ ಬಿದ್ದರೆ ಎಂಟು ಹತ್ತು ದಿನದಲ್ಲಿ ಇಡೀ ತೋಟ ಒಮ್ಮೆಲೇ ಬಿಳಿಯಾಗಿ ಅರಳುತ್ತದೆ. ಅರಳಿದ ದಿನದಿಂದ ಅರೇಬಿಕಾ ಹಣ್ಣಾಗಲು ಎಂಟರಿಂದ ಒಂಬತ್ತು ತಿಂಗಳು, ರೋಬಸ್ಟಾ ಹಣ್ಣಾಗಲು ಹತ್ತರಿಂದ ಹನ್ನೊಂದು ತಿಂಗಳು ಬೇಕು. ಹಳೆಯ ತೋಟಗಳಲ್ಲೆಲ್ಲ ಮಳೆ ಪುಸ್ತಕ ಇರುತ್ತದೆ. ಬೆಳಗ್ಗೆ ಮಳೆಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದು, ಇಂಚು ಮತ್ತು ಸೆಂಟ್ಸ್ ಲೆಕ್ಕದಲ್ಲಿ ಬರೆದಿಡುವ ಪುಸ್ತಕ. ಕೆಲವು ಮನೆಗಳಲ್ಲಿ ಅಜ್ಜನ ಕಾಲದ ಪುಟಗಳೂ ಸಿಗುತ್ತವೆ. ಬಹಳ ಮಂದಿ ಅದನ್ನು ಈ ವರ್ಷದ ಮಳೆ ಹೆಚ್ಚೋ ಕಮ್ಮಿಯೋ ಎಂದು ಹೋಲಿಸಲು ಮಾತ್ರ ತೆರೆಯುತ್ತಾರೆ. ಆಳಿನ ಲೆಕ್ಕ ಶುರುವಾಗಬೇಕಾದದ್ದು ಆ ಪುಸ್ತಕದಲ್ಲೇ.

ಉದಾಹರಣೆಗೆ ಬಾಳೆಹೊನ್ನೂರಿನ ಕಡೆಯ ಇಪ್ಪತ್ತು ಎಕರೆ ಅರೇಬಿಕಾ ತೋಟವೊಂದನ್ನು ಊಹಿಸಿಕೊಳ್ಳೋಣ. ಮಾರ್ಚ್ 25ರಂದು ಒಂದು ಇಂಚು ಮಳೆಯಾಯಿತು. ಏಪ್ರಿಲ್ 3ರಂದು ಹೂ ಅರಳಿತು. ಅಲ್ಲಿಂದ ಎಂಟು ತಿಂಗಳು ಎಣಿಸಿದರೆ ಡಿಸೆಂಬರ್ 3, ಒಂಬತ್ತು ಎಣಿಸಿದರೆ ಜನವರಿ 3. ಈ ತೋಟದ ಭಾರೀ ಕೊಯ್ಲು ಡಿಸೆಂಬರ್ ಮೊದಲ ವಾರದಿಂದ ವರ್ಷದ ಕೊನೆಯವರೆಗೆ ಎಂದು ಏಪ್ರಿಲ್‌ನಲ್ಲೇ ಗೋಡೆಯ ಕ್ಯಾಲೆಂಡರ್ ಮೇಲೆ ಗುರುತು ಹಾಕಬಹುದು. ಅದಕ್ಕೆ ಎರಡು ವಾರ ಮೊದಲು ಅಲ್ಲೊಂದು ಇಲ್ಲೊಂದು ಹಣ್ಣು ಕೆಂಪಗಾಗುತ್ತದೆ. ಭಾರೀ ಕೊಯ್ಲಿನ ನಂತರ ಎರಡು ವಾರ ಉಳಿದದ್ದನ್ನು ಉದುರಿಸಿ ಮುಗಿಸಬೇಕು. ಒಟ್ಟು ಎಂಟು ವಾರ.

ಹೂಮಳೆ ಎರಡು ಕಂತಿನಲ್ಲಿ ಬಂದರೆ ಹೂವೂ ಎರಡು ಕಂತು, ಹಣ್ಣೂ ಎರಡು ಕಂತು. ಆಗ ಒಂದು ದೊಡ್ಡ ಏರಿನ ಬದಲು ಎರಡು ಸಣ್ಣ ಏರು ಬರುತ್ತವೆ. ಜನ ಕಡಿಮೆ ಸಾಕು, ಆದರೆ ಹೆಚ್ಚು ವಾರ ಬೇಕು. ಒಂದೇ ಮಳೆಗೆ ತೋಟವೆಲ್ಲ ಅರಳಿದ ವರ್ಷ ನೋಡಲು ಚೆಂದ, ಆಳಿನ ದೃಷ್ಟಿಯಿಂದ ಅದೇ ಕಷ್ಟದ ವರ್ಷ. ಎತ್ತರದ ಪಟ್ಟಿಗಳಲ್ಲಿ, ದಟ್ಟ ನೆರಳಿನಲ್ಲಿ ಹಣ್ಣು ತಡವಾಗುತ್ತದೆ. ಕೆಳಗಿನ ಬಿಸಿಲು ಪಟ್ಟಿ ಮೊದಲು. ಹಾಗಾಗಿ ದಿನಾಂಕವನ್ನು ತೋಟಕ್ಕೆ ಒಂದರಂತಲ್ಲ, ಪಟ್ಟಿಗೆ ಒಂದರಂತೆ ಬರೆದಿಡುವುದು ಮೇಲು.

ಯಾವಾಗ ಎಂಬುದು ಗೊತ್ತಾದ ಮೇಲೆ ಎಷ್ಟು ಎಂಬುದು ತಿಳಿಯಬೇಕು.

ಕಾಫಿ ಮಂಡಳಿ ಪ್ರತಿವರ್ಷ ದೇಶದ ಫಸಲನ್ನು ಎರಡು ಸಲ ಅಂದಾಜು ಮಾಡುತ್ತದೆ, ಹೂವಾದ ಮೇಲೆ ಒಮ್ಮೆ, ಮುಂಗಾರು ಮುಗಿದ ಮೇಲೆ ಇನ್ನೊಮ್ಮೆ. ಎರಡು ಸಲ ಯಾಕೆಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಎಷ್ಟು ಕಾಯಿ ಉಳಿಸುತ್ತದೆಂದು ಏಪ್ರಿಲ್‌ನಲ್ಲಿ ಯಾರಿಗೂ ತಿಳಿಯದು. 2018 ಮತ್ತು 2019ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಸುರಿದ ಮಳೆಗೆ ಬೇರು ಉಸಿರುಗಟ್ಟಿ, ಕೊಳೆರೋಗ ಹತ್ತಿ, ಗಿಡದಲ್ಲಿದ್ದ ಕಾಯಿ ನೆಲಕ್ಕೆ ಬಿದ್ದದ್ದನ್ನು ಬೆಳೆಗಾರರು ಮರೆತಿಲ್ಲ. ಒಂದು ತೋಟದ ಅಂದಾಜೂ ಎರಡು ಸಲ ಆಗಬೇಕು, ಮತ್ತು ಮೇಸ್ತ್ರಿಗೆ ಮುಂಗಡ ಕೊಡುವುದು ಎರಡನೆಯ ಅಂದಾಜು ಕೈಗೆ ಬಂದ ಮೇಲೆ.

ಅಂದಾಜು ಮಾಡುವುದು ಕಣ್ಣಳತೆಯಲ್ಲಾದರೆ ರಸ್ತೆಬದಿಯ ಚೆನ್ನಾಗಿ ಕಾಯಿ ಹಿಡಿದ ಗಿಡಗಳೇ ಕಣ್ಣು ತುಂಬುತ್ತವೆ. ಅದಕ್ಕೆ ಪಟ್ಟಿಯ ಉದ್ದಕ್ಕೂ ಎಣಿಸಿಕೊಂಡು ಹೋಗಿ, ನಿಗದಿತ ಅಂತರಕ್ಕೆ ಸಿಕ್ಕ ಗಿಡ ಒಳ್ಳೆಯದಿರಲಿ ಕೆಟ್ಟದಿರಲಿ ಅದಕ್ಕೇ ದಾರ ಕಟ್ಟಿ ಕಾಯಿ ಎಣಿಸಬೇಕು. ನಮ್ಮ ಉದಾಹರಣೆಯ ತೋಟದಲ್ಲಿ ಎಕರೆಗೆ 1,200 ಗಿಡ, ಒಟ್ಟು 24,000. ಎಣಿಸಿದ ಕಾಯನ್ನು ಕಳೆದ ವರ್ಷದ ಹಣ್ಣಿನ ತೂಕಕ್ಕೆ ಹಚ್ಚಿದಾಗ ಗಿಡಕ್ಕೆ ಸರಾಸರಿ ಒಂದೂವರೆ ಕೆ.ಜಿ. ಬಂತು ಎನ್ನೋಣ. ಅಲ್ಲಿಗೆ ಕೊಯ್ಯಬೇಕಾದ ಹಣ್ಣು 36,000 ಕೆ.ಜಿ. ಆರು ಕೆ.ಜಿ. ಅರೇಬಿಕಾ ಹಣ್ಣಿಗೆ ಸುಮಾರು ಒಂದು ಕೆ.ಜಿ. ಶುದ್ಧ ಬೀಜ ಸಿಗುವುದರಿಂದ ಇದು ಆರು ಟನ್ ಕಾಫಿ. ಮಾರಾಟಗಾರನಿಗೆ ಆ ಆರು ಟನ್ ಮುಖ್ಯ. ಕೊಯ್ಯುವ ಕೈಗೆ ಮೂವತ್ತಾರು ಟನ್ನೇ ಲೆಕ್ಕ.

ಇಲ್ಲಿಂದ ಮುಂದೆ ಆಗುವ ತಪ್ಪು ಬಹಳ ಸಾಮಾನ್ಯ. ಒಬ್ಬರು ದಿನಕ್ಕೆ ಐವತ್ತು ಕೆ.ಜಿ. ಕೊಯ್ಯುತ್ತಾರೆ, ಹಾಗಾಗಿ 36,000ವನ್ನು ಐವತ್ತರಿಂದ ಭಾಗಿಸಿದರೆ 720 ಆಳು ಎಂದು ಬಾಯಿಲೆಕ್ಕ ಮುಗಿಸಿಬಿಡುತ್ತಾರೆ. ಐವತ್ತು ಕೆ.ಜಿ. ಸುಳ್ಳಲ್ಲ. ಅದು ಡಿಸೆಂಬರಿನ ಒಳ್ಳೆಯ ವಾರದ ಸತ್ಯ, ಇಡೀ ಹಂಗಾಮಿನದ್ದಲ್ಲ.

ಅರೇಬಿಕಾವನ್ನು ಒಂದೇ ಸಲಕ್ಕೆ ಕೊಯ್ಯುವುದಿಲ್ಲ. ಮೊದಲು ಫ್ಲೈ ಪಿಕಿಂಗ್. ಗೊಂಚಲಿನಲ್ಲಿ ಹಸಿರು ಕಾಯಿಗಳ ನಡುವೆ ಎರಡು ಮೂರು ಮಾತ್ರ ಕೆಂಪಗಿರುತ್ತವೆ, ಪಕ್ಕದ ಕಾಯಿಗೆ ಪೆಟ್ಟಾಗದಂತೆ ಅವನ್ನಷ್ಟೇ ಬಿಡಿಸಬೇಕು. ಕೈ ಬಿಡಿಸುವುದಕ್ಕಿಂತ ಕಣ್ಣು ಹುಡುಕುವುದೇ ಹೆಚ್ಚು, ಕಾಲು ಗಿಡದಿಂದ ಗಿಡಕ್ಕೆ ನಡೆಯುವುದೇ ಹೆಚ್ಚು. ಎಷ್ಟೇ ಚುರುಕಿನ ಹೆಂಗಸಿಗೂ ದಿನಕ್ಕೆ ಇಪ್ಪತ್ತು ಕೆ.ಜಿ. ಆಗುವುದು ಕಷ್ಟ. ಎರಡು ವಾರದ ನಂತರ ಅದೇ ಗಿಡದ ಮುಂದೆ ಅದೇ ಹೆಂಗಸು ನಿಂತರೆ ಗೊಂಚಲಿಗೆ ಗೊಂಚಲೇ ಕೆಂಪು. ಬೆರಳುಗಳು ರೆಂಬೆಯ ಮೇಲೆ ಹಾಲು ಕರೆದಂತೆ ಓಡುತ್ತವೆ, ಸೊಂಟದ ಚೀಲ ಕಾಲು ಗಂಟೆಯಲ್ಲಿ ಭಾರವಾಗುತ್ತದೆ. ಜನವರಿಯ ಕೊನೆಯ ಸುತ್ತಿನಲ್ಲಿ ಮತ್ತೆ ಹಣ್ಣು ಚದುರಿರುತ್ತದೆ. ಗಿಡದ ತುದಿಯಲ್ಲಿ ನಾಲ್ಕು, ಬುಡದಲ್ಲಿ ಎಂಟು, ನೆಲಕ್ಕೆ ಬಿದ್ದ ಹಣ್ಣನ್ನೂ ಹೆಕ್ಕಬೇಕು. ಹೆಕ್ಕದೆ ಬಿಟ್ಟರೆ ಕಾಯಿಕೊರಕ ಹುಳು ಅದರಲ್ಲೇ ಉಳಿದು ಮುಂದಿನ ವರ್ಷದ ಕಾಯಿಗೆ ಏರುತ್ತದೆ.

ಆದ್ದರಿಂದ ಹಣ್ಣನ್ನು ಮೊದಲು ಸುತ್ತುಗಳಿಗೆ ಹಂಚಬೇಕು, ಆಮೇಲೆ ಆಯಾ ಸುತ್ತಿನ ವೇಗದಿಂದ ಭಾಗಿಸಬೇಕು. ಈ ವೇಗ ಎಲ್ಲಿಂದ ಬರುತ್ತದೆ? ಕಳೆದ ಎರಡು ಮೂರು ವರ್ಷದ ಚೆಕ್‌ರೋಲ್ ಮತ್ತು ಸಂಜೆಯ ತೂಕದ ಪುಸ್ತಕದಿಂದ. ಅದರಲ್ಲಿ ಮುಂಜಾನೆಯ ಹಾಜರಿ, ಪಟ್ಟಿಗೆ ನಡೆದು ಹೋಗುವುದು, ಊಟ, ಸಂಜೆ ಚೀಲ ಹೊತ್ತು ತರುವುದು ಎಲ್ಲ ಸೇರಿಕೊಂಡಿರುತ್ತದೆ. ನಮ್ಮ ತೋಟದ ಲೆಕ್ಕ ಹೀಗೆ ನಿಲ್ಲುತ್ತದೆ. ಫ್ಲೈ ಪಿಕಿಂಗ್‌ನಲ್ಲಿ ನೂರಕ್ಕೆ ಹತ್ತು ಪಾಲು, ಅಂದರೆ 3,600 ಕೆ.ಜಿ., ದಿನಕ್ಕೆ ಇಪ್ಪತ್ತು ಕೆ.ಜಿ.ಯಂತೆ 180 ಆಳು. ಮೊದಲ ದೊಡ್ಡ ಸುತ್ತು 14,400 ಕೆ.ಜಿ., ಐವತ್ತರಂತೆ 288 ಆಳು. ಎರಡನೇ ದೊಡ್ಡ ಸುತ್ತು 12,600 ಕೆ.ಜಿ., ನಲವತ್ತೈದರಂತೆ 280 ಆಳು. ಕೊನೆಯ ಸುತ್ತು 5,400 ಕೆ.ಜಿ., ಮೂವತ್ತರಂತೆ 180 ಆಳು. ಒಟ್ಟು 928 ಆಳು, ಗಂಟೆಯಲ್ಲಿ ಹೇಳುವುದಾದರೆ 7,424 ಗಂಟೆ. ಬಾಯಿಲೆಕ್ಕದ 720ಕ್ಕೂ ಇದಕ್ಕೂ 208 ಆಳಿನ ವ್ಯತ್ಯಾಸ. ಹತ್ತು ಜನರ ಗುಂಪೊಂದು ಮೂರು ವಾರಕ್ಕೂ ಹೆಚ್ಚು ದುಡಿಯುವಷ್ಟು ಕೆಲಸ ಆ ಒಂದೇ ಭಾಗಾಕಾರದಲ್ಲಿ ಕಣ್ಮರೆಯಾಗಿತ್ತು.

ಈಗ ಅದನ್ನು ವಾರಗಳ ಮೇಲೆ ಹರಡಬೇಕು. ಪ್ರತಿ ಸುತ್ತಿಗೆ ಎರಡು ವಾರ. ನವೆಂಬರ್ ಕೊನೆಯ ಎರಡು ವಾರಕ್ಕೆ ತಲಾ 90 ಆಳು, ನಂತರದ ಎರಡು ವಾರಕ್ಕೆ ತಲಾ 144, ಆಮೇಲೆ ತಲಾ 140, ಕೊನೆಗೆ ಮತ್ತೆ ತಲಾ 90. ವಾರಕ್ಕೆ ಆರು ದಿನದ ಕೆಲಸ ಎಂದರೆ ಏರಿನ ವಾರಗಳಲ್ಲಿ ದಿನಕ್ಕೆ 24 ಕೊಯ್ಯುವವರು, ಇಳಿದ ವಾರಗಳಲ್ಲಿ 15.

ತೋಟದ ಲೈನಿನಲ್ಲಿ ವರ್ಷವಿಡೀ ಇರುವ ಹತ್ತು ಜನರಿದ್ದಾರೆ ಎಂದಿಟ್ಟುಕೊಳ್ಳೋಣ. ಹತ್ತೂ ಜನ ಕೊಯ್ಲಿಗೆ ಸಿಗುವುದಿಲ್ಲ. ಪಲ್ಪರ್ ಮನೆಗೆ, ಹಣ್ಣು ತೊಳೆಯಲು, ಕಣದಲ್ಲಿ ಬೀಜ ಕೈಯಾಡಿಸಲು ಮೂವರು ಬೇಕೇ ಬೇಕು. ಉಳಿದ ಏಳು ಜನರಿಗೂ ಮದುವೆ, ಜ್ವರ, ಮಕ್ಕಳ ಶಾಲೆ ಇದೆ. ನೂರು ದಿನಕ್ಕೆ ಎಂಬತ್ತೈದು ದಿನ ಹಾಜರಿ ಎಂದು ಹಿಡಿದರೆ ಅವರಿಂದ ವಾರಕ್ಕೆ 36 ಆಳು. ಏರಿನ ವಾರದ 144ರಲ್ಲಿ ಅದನ್ನು ಕಳೆದರೆ ಹೊರಗಿನವರಿಂದ ಬರಬೇಕಾದದ್ದು 108 ಆಳು, ಅಂದರೆ ವಾರಕ್ಕೆ 864 ಗಂಟೆ. ಕೊಯ್ಲಿಗೆಂದೇ ಬರುವವರು ಹಾಜರಿ ತಪ್ಪಿಸುವುದು ಕಡಿಮೆ. ನೂರಕ್ಕೆ ತೊಂಬತ್ತು ಎಂದರೂ ಒಬ್ಬರಿಂದ ವಾರಕ್ಕೆ 5.4 ಆಳು. 108ನ್ನು ಅದರಿಂದ ಭಾಗಿಸಿದರೆ ಇಪ್ಪತ್ತು ಜನ. ಇಳಿದ ವಾರಗಳಿಗೆ ಇದೇ ಲೆಕ್ಕದಲ್ಲಿ ಹತ್ತು ಜನ.

ಮೇಸ್ತ್ರಿಗೆ ಹೇಳಬೇಕಾದದ್ದು ಇಷ್ಟು: ಹತ್ತು ಜನ ಎಂಟು ವಾರಕ್ಕೆ, ಇನ್ನೂ ಹತ್ತು ಜನ ನಡುವಿನ ನಾಲ್ಕು ವಾರಕ್ಕೆ.

ಹೆಚ್ಚಿನ ಕಡೆ ಹೀಗೆ ಹೇಳುವುದಿಲ್ಲ. "ಎಷ್ಟು ಜನ ಬೇಕು ಸ್ವಾಮಿ?" ಎಂದು ಮೇಸ್ತ್ರಿ ಕೇಳಿದರೆ "ಒಂದು ಹದಿನೈದು ಜನ ಕರ್ಕೊಂಡು ಬಾ ಮಾರಾಯ" ಎನ್ನುತ್ತಾರೆ. ಸರಾಸರಿ ತೆಗೆದರೆ ಹದಿನೈದು ಸರಿಯೇ. 928 ಆಳನ್ನು ಎಂಟು ವಾರಕ್ಕೆ ಸಮನಾಗಿ ಹಂಚಿ ಮನೆಯವರ ಪಾಲು ಕಳೆದರೆ ಹದಿನೈದು ಜನವೇ ಬರುತ್ತದೆ. ಆದರೆ ಹಣ್ಣು ಸರಾಸರಿಯಲ್ಲಿ ಹಣ್ಣಾಗುವುದಿಲ್ಲ. ಹದಿನೈದು ಜನ ಮತ್ತು ಮನೆಯವರು ಸೇರಿ ವಾರಕ್ಕೆ 117 ಆಳಿನಷ್ಟು ಕೆಲಸ ಮಾಡಬಲ್ಲರು. ಡಿಸೆಂಬರ್ ಮಧ್ಯದ ವಾರಕ್ಕೆ 27 ಆಳು ಕಡಿಮೆ ಬೀಳುತ್ತದೆ, ಅಂದರೆ ಸುಮಾರು 1,350 ಕೆ.ಜಿ. ಹಣ್ಣು ಗಿಡದಲ್ಲೇ ಉಳಿಯುತ್ತದೆ. ಮುಂದಿನ ವಾರ ಮತ್ತೆ ಅಷ್ಟೇ. ಉಳಿದ ಹಣ್ಣು ಕಾದು ಕೂರುವುದಿಲ್ಲ. ಕಪ್ಪಾಗುತ್ತದೆ, ಉದುರುತ್ತದೆ, ಪಲ್ಪರ್‌ಗೆ ಹಾಕಿ ಪಾರ್ಚ್‌ಮೆಂಟ್ ಮಾಡುವ ಯೋಗ್ಯತೆ ಕಳೆದುಕೊಂಡು ಚೆರ್ರಿಯಾಗಿ ಕಣಕ್ಕೆ ಹೋಗುತ್ತದೆ.

ಇಳಿದ ವಾರಗಳಲ್ಲಿ ತೊಂದರೆ ತಿರುಗುಮುರುಗು. ನವೆಂಬರಿನಲ್ಲಿ ಹದಿನೈದು ಜನರ ಮುಂದೆ ಹತ್ತು ಜನರ ಹಣ್ಣಿರುತ್ತದೆ. ಕೂಲಿ ಕೆ.ಜಿ. ಲೆಕ್ಕದಲ್ಲಿರುವ ಕಡೆ ಈ ತಪ್ಪು ಮಾಲೀಕನ ಪುಸ್ತಕದಲ್ಲಿ ಕಾಣುವುದೇ ಇಲ್ಲ. ಅಷ್ಟೇ ಹಣ್ಣು ಬಂತು, ಅಷ್ಟೇ ಹಣ ಹೋಯಿತು. ಅದು ಕಾಣುವುದು ಸಂಜೆ ತೂಕದ ಹೊತ್ತಿಗೆ. ಗಂಡ ಹೆಂಡತಿ ಇಬ್ಬರೂ ದಿನವಿಡೀ ಇಳಿಜಾರು ಹತ್ತಿ ಇಳಿದು ತಂದ ಹಣ್ಣನ್ನು ಟಾರ್ಪಾಲಿನ ಮೇಲೆ ಸುರಿದು, ಹಸಿರು ಕಾಯಿ ಆರಿಸಿ ತೆಗೆದು, ಚೀಲವನ್ನು ತಕ್ಕಡಿಯ ಕೊಕ್ಕೆಗೆ ತೂಗುಹಾಕುತ್ತಾರೆ. ಮುಳ್ಳು ಇಪ್ಪತ್ತೆಂಟಕ್ಕೆ ನಿಲ್ಲುತ್ತದೆ. ಅಸ್ಸಾಮಿನಿಂದಲೋ ತಮಿಳುನಾಡಿನಿಂದಲೋ ಉತ್ತರ ಕರ್ನಾಟಕದಿಂದಲೋ ಬಸ್ಸು ರೈಲು ಹಿಡಿದು ಬಂದ ಸಂಸಾರಕ್ಕೆ ಆ ದಿನದ ದುಡಿಮೆ ಅಷ್ಟೇ. ಲೆಕ್ಕ ತಪ್ಪಿದವರು ಒಬ್ಬರು, ಅದರ ನಷ್ಟ ಹೊತ್ತವರು ಇನ್ನೊಬ್ಬರು. ಫ್ಲೈ ಪಿಕಿಂಗ್ ವಾರಗಳಲ್ಲಿ ದಿನಗೂಲಿ ಕೊಟ್ಟು, ದೊಡ್ಡ ಸುತ್ತು ಶುರುವಾದ ಮೇಲಷ್ಟೇ ಕೆ.ಜಿ. ಲೆಕ್ಕಕ್ಕೆ ಹೋಗುವುದು ನ್ಯಾಯ. ಹಾಗೆ ಮಾಡಿದರೆ ಹಸಿರು ಕಾಯಿ ಚೀಲಕ್ಕೆ ಬರುವುದೂ ಕಡಿಮೆಯಾಗುತ್ತದೆ.

ಇರುವ ಹದಿನೈದು ಜನರನ್ನೇ ಏರಿನ ವಾರಗಳಲ್ಲಿ ಹೆಚ್ಚು ಹೊತ್ತು ದುಡಿಸಿದರಾಯಿತಲ್ಲ ಎಂದು ಕೆಲವರು ಕೇಳುತ್ತಾರೆ. ವಾರಕ್ಕೆ 48 ಗಂಟೆ ಎಂಬುದು ತೋಟ ಕಾರ್ಮಿಕರಿಗೆ ಬಹುಕಾಲದಿಂದ ಇರುವ ಮಿತಿ. ಕಾನೂನು ಪಕ್ಕಕ್ಕಿಟ್ಟರೂ ಡಿಸೆಂಬರಿನ ಸೂರ್ಯ ಒಪ್ಪುವುದಿಲ್ಲ. ಸಿಲ್ವರ್ ಓಕ್, ಅತ್ತಿ, ಹಲಸಿನ ನೆರಳಿನಡಿ ಸಂಜೆ ಐದರ ಮೇಲೆ ಕೆಂಪು ಯಾವುದು ಹಸಿರು ಯಾವುದು ಗೊತ್ತಾಗುವುದಿಲ್ಲ.

ಇನ್ನೊಂದು ಮಿತಿ ಕಣದ್ದು. ಏರಿನ ವಾರದಲ್ಲಿ ಈ ತೋಟಕ್ಕೆ ದಿನಕ್ಕೆ 1,200 ಕೆ.ಜಿ. ಹಣ್ಣು ಬರುತ್ತದೆ. ಕೊಯ್ದ ದಿನವೇ ಪಲ್ಪರ್‌ಗೆ ಹೋಗಬೇಕು, ಇಲ್ಲದಿದ್ದರೆ ರಾಶಿಯಲ್ಲೇ ಬಿಸಿಯೇರಿ ಹುಳಿಯುತ್ತದೆ. ಪಾರ್ಚ್‌ಮೆಂಟ್ ಒಣಗಲು ಒಳ್ಳೆಯ ಬಿಸಿಲಿದ್ದರೂ ಏಳರಿಂದ ಹತ್ತು ದಿನ ಬೇಕು. ಹಾಗಾಗಿ ಕಣದಲ್ಲಿ ಯಾವಾಗಲೂ ಏಳೆಂಟು ದಿನದ ಕೊಯ್ಲು ಹರಡಿಕೊಂಡಿರುತ್ತದೆ. ಕಣಕ್ಕೆ ಅಷ್ಟು ಜಾಗವಿಲ್ಲದಿದ್ದರೆ ಇಪ್ಪತ್ತರ ಬದಲು ಮೂವತ್ತು ಜನ ಕರೆದರೂ ಪ್ರಯೋಜನವಿಲ್ಲ. ಆಳಿನ ಸಂಖ್ಯೆ ಹೇಳುವ ಮೊದಲು ಕಣವನ್ನೊಮ್ಮೆ ಅಳೆದು ನೋಡಬೇಕು.

ಹೂಮಳೆಯ ಭವಿಷ್ಯ ಪೂರ್ತಿ ನಿಜವಾಗುವುದಿಲ್ಲ. ಮೋಡ ಮುಸುಕಿದ ಅಕ್ಟೋಬರ್ ಹಣ್ಣನ್ನು ಒಂದು ವಾರ ತಡ ಮಾಡಬಹುದು, ಬಿಸಿಲಿನ ಅಕ್ಟೋಬರ್ ಬೇಗ ಮಾಡಬಹುದು. ಅದನ್ನು ಹಿಡಿಯಲು ದಾರ ಕಟ್ಟಿದ ಅವೇ ಗಿಡಗಳು ಸಾಕು. ನವೆಂಬರ್ ಶುರುವಿನಿಂದ ವಾರಕ್ಕೊಮ್ಮೆ, ಗುರುತು ಮಾಡಿದ ರೆಂಬೆಗಳಲ್ಲಿ ನೂರು ಕಾಯಿಗೆ ಎಷ್ಟು ಕೆಂಪಾಗಿದೆ ಎಂದು ಎಣಿಸಬೇಕು. ತೂಕದ ಪುಸ್ತಕವೂ ಸುಳಿವು ಕೊಡುತ್ತದೆ. ಫ್ಲೈ ಪಿಕಿಂಗ್‌ನಲ್ಲಿ ಇಪ್ಪತ್ತು ಕೆ.ಜಿ. ತರಬೇಕಾದವರು ಮೂವತ್ತು ತರುತ್ತಿದ್ದರೆ ಏರು ಮುಂಚೆಯೇ ಬರುತ್ತಿದೆ ಎಂದರ್ಥ, ಎರಡನೇ ಗುಂಪಿಗೆ ಅವತ್ತೇ ಫೋನು ಮಾಡಬೇಕು. ಹದಿನೈದು ಕೆ.ಜಿ.ಗೂ ಒದ್ದಾಡುತ್ತಾ ಚೀಲದಲ್ಲಿ ಹಸಿರು ಹೆಚ್ಚಿದ್ದರೆ ಕೊಯ್ಲು ಬೇಗ ಶುರುವಾಗಿದೆ, ನಾಲ್ಕು ದಿನ ನಿಲ್ಲಿಸುವುದು ಒಳ್ಳೆಯದು.

ಯಾವ ಲೆಕ್ಕಕ್ಕೂ ಸಿಗದ್ದು ಕೊಯ್ಲಿನ ಹೊತ್ತಿನ ಮಳೆ. 2021ರ ನವೆಂಬರಿನಲ್ಲಿ ಚಿಕ್ಕಮಗಳೂರು, ಹಾಸನ, ಕೊಡಗುಗಳಲ್ಲಿ ಬಿಡದೆ ಸುರಿದಾಗ ಹಣ್ಣು ಗಿಡದಲ್ಲೇ ಬಿರಿಯಿತು, ಉದುರಿತು, ಕಣದಲ್ಲಿದ್ದದ್ದು ಒಣಗಲಿಲ್ಲ. ಅಂಥ ವಾರದಲ್ಲಿ ಆಳಿದ್ದರೂ ಗಂಟೆ ಸಿಗುವುದಿಲ್ಲ, ಮಳೆ ಬಿಟ್ಟ ಮರುದಿನ ಎಷ್ಟು ಗಂಟೆ ಇದ್ದರೂ ಸಾಲುವುದಿಲ್ಲ. ಅನುಭವಸ್ಥರು ಏರಿನ ವಾರಗಳಿಗೆ ಒಂದೆರಡು ಆಳನ್ನು ಹೆಚ್ಚಿಗೆ ಹಿಡಿಯುವುದು ಇದಕ್ಕೇ. ಮಳೆ ಬಾರದಿದ್ದರೆ ಆ ಕೈಗಳಿಗೆ ಕೊಡಲು ನೆರಳಿನ ಕೆಲಸ, ಬೇಲಿ ಕೆಲಸ ಇದ್ದೇ ಇರುತ್ತದೆ.

ಕ್ಯಾಲೆಂಡರಿನ ಕೊನೆಯ ತುದಿಯಲ್ಲಿ ಸಂಕ್ರಾಂತಿ ಇದೆ. ನಮ್ಮ ತೋಟದ ಎಂಟನೇ ವಾರ ಸರಿಯಾಗಿ ಅದರ ಮೇಲೆ ಬೀಳುತ್ತದೆ. ತಮಿಳುನಾಡಿನ ಗುಂಪುಗಳು ಪೊಂಗಲ್‌ಗೆ ಊರಿಗೆ ಹೋದರೆ ವಾರಗಟ್ಟಲೆ ತಿರುಗಿ ಬರುವುದಿಲ್ಲ. ಇದು ಪ್ರತಿವರ್ಷ ಗೊತ್ತಿರುವ ದಿನಾಂಕ, ಆದರೂ ಪ್ರತಿವರ್ಷ ತೋಟಗಳು ಅದರ ಮುಂದೆ ಎಡವುತ್ತವೆ. ಕೊನೆಯ ವಾರದ ತೊಂಬತ್ತು ಆಳಿನಲ್ಲಿ ಅರ್ಧವನ್ನಾದರೂ ಹಬ್ಬಕ್ಕೆ ಮೊದಲೇ ಮುಗಿಸುವಂತೆ ಎರಡನೇ ಗುಂಪನ್ನು ಇನ್ನೊಂದು ವಾರ ಉಳಿಸಿಕೊಳ್ಳಬೇಕು. ಆ ಮಾತನ್ನು ದೀಪಾವಳಿಗೆ ಮುಂಚೆ, ಮುಂಗಡ ಕೊಡುವಾಗಲೇ ಆಡಬೇಕು.

ರೋಬಸ್ಟಾ ಬೆಳೆಯುವವರ ಕೈಯಲ್ಲಿ ಅರೇಬಿಕಾದವರಿಗಿಲ್ಲದ ಒಂದು ಹಿಡಿತವಿದೆ. ಕೆರೆಯಲ್ಲಿ ನೀರಿದ್ದರೆ ಅವರು ಹೂಮಳೆಗೆ ಕಾಯುವುದಿಲ್ಲ, ಫೆಬ್ರವರಿ ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಹಾಕಿ ತಾವೇ ಹೂ ಬಿಡಿಸುತ್ತಾರೆ. ಪೈಪು ಪಟ್ಟಿಯಿಂದ ಪಟ್ಟಿಗೆ ಸಾಗಿದಂತೆ ಹೂವೂ ಒಂದರ ಹಿಂದೆ ಒಂದು ಅರಳುತ್ತದೆ. ಹತ್ತು ತಿಂಗಳ ನಂತರ ಹಣ್ಣೂ ಬಹುಮಟ್ಟಿಗೆ ಅದೇ ಸರದಿಯಲ್ಲಿ ಬರುತ್ತದೆ. ಮೊದಲ ಪಟ್ಟಿಗೂ ಕೊನೆಯ ಪಟ್ಟಿಗೂ ಮೂರು ವಾರದ ಅಂತರವಿಟ್ಟು ನೀರು ಹಾಯಿಸಿದರೆ ಕೊಯ್ಲಿನ ಏರು ಚಪ್ಪಟೆಯಾಗಿ, ಇಪ್ಪತ್ತು ಜನ ಬೇಕಾಗುವ ಕಡೆ ಹದಿನಾಲ್ಕು ಜನ ಹೆಚ್ಚು ವಾರ ದುಡಿದು ಮುಗಿಸಬಹುದು. ನಡುವೆ ನಿಜವಾದ ಮಳೆಯೇ ಬಂದುಬಿಟ್ಟರೆ ಉಳಿದ ಪಟ್ಟಿಗಳೆಲ್ಲ ಒಟ್ಟಿಗೆ ಅರಳಿ ಸರದಿ ಕೆಡುತ್ತದೆ.

ಆದರೆ ರೋಬಸ್ಟಾಕ್ಕೆ ಗಡುವು ಬಿಗಿ. ಹಣ್ಣು ಗಿಡದಲ್ಲಿರುವಾಗಲೇ ಮುಂದಿನ ವರ್ಷದ ಮೊಗ್ಗು ಅದೇ ರೆಂಬೆಯ ಮೇಲೆ ಬಂದಿರುತ್ತದೆ. ಕೊಯ್ಲು ಮುಗಿಯುವ ಮೊದಲೇ ಹೂ ಅರಳಿದರೆ ಕೊಯ್ಯುವ ಕೈಯೇ ಹೂವನ್ನು ಉದುರಿಸುತ್ತದೆ. ಅದಕ್ಕಾಗಿ ಫೆಬ್ರವರಿಯಲ್ಲಿ ಸ್ಪ್ರಿಂಕ್ಲರ್ ಪೈಪುಗಳು ಪಟ್ಟಿಯ ಅಂಚಿನಲ್ಲಿ ಜೋಡಿಸಿಟ್ಟಂತೆಯೇ ಇರುತ್ತವೆ, ಕೊನೆಯ ಸಾಲಿನ ಕೊನೆಯ ಚೀಲ ತೂಕಕ್ಕೆ ಹೋಗುವ ತನಕ ಪಂಪು ಶುರುವಾಗುವುದಿಲ್ಲ.